‘ಆಯ್ತು ಮಗಾ’ ಅಂದ್ರೆ ಏನಾಯ್ತು?

ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಕೆಲಸ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನಮ್ಮ ಮೂರು ತಂಡಗಳು ನೋಡಿ ಬರುತ್ತಿದ್ದವು. ಗೆಳೆಯರೆಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ ಮೆಸೇಜುಗಳನ್ನು ಒಟ್ಟು ಮಾಡಿ ಮರುದಿನ ಬೆಳಿಗ್ಗೆ 9ಕ್ಕೆ ಬೆಂಗಳೂರಿನ ಮ್ಯಾನೇಜರ್‌ಗೆ ಒಂದೇ ಇಮೇಲ್ ಕಳಿಸುವುದು ನನ್ನ ಪಾಲಿಗೆ ಬಂತು.

ಮೊದಲ ವಾರವೇ ಎಡವಿದೆ. ‘ಹೊಸಹಳ್ಳಿ ಆಯ್ತು ಮಗಾ’ ಎಂಬ ಮೆಸೇಜನ್ನು ನಾನು ‘ದುರಸ್ತಿ ಪೂರ್ಣಗೊಂಡಿದೆ’ ಎಂದು ಚಂದದ ಇಂಗ್ಲಿಷಿಗೆ ಇಳಿಸಿದೆ. ಗೆಳೆಯ ಹೇಳಿದ್ದು ‘ನೋಡಿಕೊಂಡು ಬಂದಾಯ್ತು’ ಅಂತ. ಮೇಲ್ ಓದಿದ ಮ್ಯಾನೇಜರ್ ಆ ಊರನ್ನು ದುರಸ್ತಿಯ ಪಟ್ಟಿಯಿಂದ ತೆಗೆದರು. ನಾಲ್ಕು ದಿನ ಯಾರೂ ಹೋಗಲಿಲ್ಲ. ಐದನೇ ದಿನ ನಾನೇ ಹೋದಾಗ ಖಾಲಿ ಕ್ಯಾನು, 5 ರೂಪಾಯಿ ನಾಣ್ಯ ಹಿಡಿದು ನಿಂತಿದ್ದ ಅಜ್ಜಿ, ‘ಯಾವಾಗ ಸರಿ ಮಾಡ್ತೀರಪ್ಪಾ?’ ಅಂದರು. ನನ್ನ ಮೇಲ್ ಪ್ರಕಾರ ಅದು ಆಗಲೇ ಸರಿಯಾಗಿತ್ತು.

ಅಂದಿನಿಂದ ಮೆಸೇಜುಗಳನ್ನು ಬಂದ ಸಾಲಿನಲ್ಲೇ ತಿದ್ದುವುದನ್ನು ಬಿಟ್ಟೆ. ಎಕ್ಸೆಲ್ ಶೀಟಿನಲ್ಲಿ ಒಂದು ಘಟಕಕ್ಕೆ ಒಂದು ಸಾಲು ಮಾಡಿ, ಯಾರು ಯಾವಾಗ ಹೇಳಿದ್ದರೂ ಆ ಘಟಕದ ಮಾತನ್ನೆಲ್ಲ ಅದೇ ಸಾಲಿಗೆ ತುಂಬುತ್ತೇನೆ. ಹೊಸಹಳ್ಳಿ ಇಲ್ಲದ ತಾಲ್ಲೂಕು ನಮ್ಮ ಕಡೆ ಎಲ್ಲಿದೆ? ಹಾಗಾಗಿ ಊರಿನ ಹೆಸರಿನ ಜೊತೆ ಕ-4, ತ-1, ಅ-2 ಎಂದು ನಂಬರ್ ಕೊಟ್ಟೆವು. ಸ್ಥಿತಿ ಹೇಳಲು ಮೂರೇ ಮಾತು: ಕೆಲಸ ಮಾಡುತ್ತಿದೆ, ದುರಸ್ತಿ ಬೇಕು, ದುರಸ್ತಿ ಮುಗಿದಿದೆ. ‘ಆಯ್ತು’, ‘ಓಕೆ’, ಹೆಬ್ಬೆರಳಿನ ಎಮೋಜಿ ಈ ಮೂರರಲ್ಲಿ ಎಲ್ಲಿಗೆ ಸೇರುತ್ತವೆ ಎಂದು ಗೊತ್ತಾಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಊಹಿಸುವುದಿಲ್ಲ.

ಜುಲೈ 15ರ ಮಂಗಳವಾರ 41 ಮೆಸೇಜು ಬಂದಿದ್ದವು. ಟೀ, ಮಳೆ, ಬೈಕ್ ಪಂಕ್ಚರ್ ಎಲ್ಲ ಬಿಟ್ಟರೆ ಆರು ಘಟಕಗಳ ಸುದ್ದಿ. ಶೀಟಿಗೆ ಹಾಕಿದಾಗ ಐದೇ ಆದವು. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾಗುವ ಮೊದಲು ತರೀಕೆರೆಗೆ ಸೇರಿತ್ತಲ್ಲ, ತರೀಕೆರೆ ತಂಡದ ಕೈಯಲ್ಲಿದ್ದುದು ಆ ಹಳೆಯ ಪಟ್ಟಿ. ಒಂದೇ ಘಟಕವನ್ನು ಎರಡೂ ತಂಡ ನೋಡಿ ಬಂದಿದ್ದವು.

ಕಡೂರಿನಿಂದ ಬಂದದ್ದು: ‘ಕ-4 ಟಿಡಿಎಸ್ 640 ಕಣೋ. ಮೆಂಬ್ರೇನ್ ಹೋಗಿದೆ ಅನ್ಸತ್ತೆ. ಆಪರೇಟರ್ ಫೋನೇ ಎತ್ತಲ್ಲ ಪುಣ್ಯಾತ್ಮ.’ ನೀರಿನಲ್ಲಿ ಕರಗಿರುವ ಲವಣಗಳ ಅಳತೆಯೇ ಟಿಡಿಎಸ್. 640 ಎನ್ನುವುದು ಬೋರ್‌ವೆಲ್‌ನಿಂದ ಘಟಕಕ್ಕೆ ಬರುವ ನೀರಿನದಾದರೆ ಚಿಂತೆಯಿಲ್ಲ. ನಲ್ಲಿಯಲ್ಲಿ ಜನ ಹಿಡಿಯುವ ನೀರಿನದಾದರೆ ತೊಂದರೆ, ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕೇಳಿದೆ. ಒಳಗೆ 1,280, ಹೊರಗೆ 640. ಸುಸ್ಥಿತಿಯ ಮೆಂಬ್ರೇನ್ ಹತ್ತರಲ್ಲಿ ಒಂಬತ್ತು ಪಾಲು ಲವಣ ತೆಗೆಯಬೇಕು, ಇದು ಅರ್ಧ ಮಾತ್ರ ತೆಗೆಯುತ್ತಿತ್ತು.

ಅಜ್ಜಂಪುರದ್ದು ರಾತ್ರಿ 12.20ಕ್ಕೆ: ‘ಅ-2 ಕಾಯಿನ್ ಬಾಕ್ಸ್ ಕಾಸು ನುಂಗ್ತಿದೆ. ನಾಳೆ ಹೋಗ್ತೀವಿ.’ ಮೊಬೈಲಿನ ಲೆಕ್ಕದಲ್ಲಿ ನಾಳೆ ಎಂದರೆ ಗುರುವಾರ. ಇನ್ನೂ ಮಲಗದ ಅವನ ಲೆಕ್ಕದಲ್ಲಿ ಬುಧವಾರ. ಇದನ್ನೂ ಕೇಳಿಯೇ ಬರೆದೆ. ಮೇಲಿನಲ್ಲಿ ನಿನ್ನೆ-ನಾಳೆ ಇರಬಾರದು, ತಾರೀಖೇ ಇರಬೇಕು.

ಕೊನೆಗೆ ಹೋದ ಮೇಲ್ (ಇಂಗ್ಲಿಷಿನಲ್ಲಿದ್ದುದನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ):

ವಿಷಯ: ನೀರಿನ ಘಟಕಗಳ ಸ್ಥಿತಿ, ಜುಲೈ 15 – ಕ-4ಕ್ಕೆ ನಿಮ್ಮ ಒಪ್ಪಿಗೆ ಬೇಕು

ಸರ್, ಮಂಗಳವಾರ 5 ಘಟಕಗಳಿಗೆ ಭೇಟಿ ನೀಡಲಾಗಿದೆ.
ದುರಸ್ತಿ ಬೇಕು: ಕ-4. ಟಿಡಿಎಸ್ ಒಳಗೆ 1,280, ಹೊರಗೆ 640. ಮೆಂಬ್ರೇನ್ ಕೆಟ್ಟಿರುವ ಸಾಧ್ಯತೆ ಇದೆ, ಬಿಚ್ಚಿ ನೋಡಿಲ್ಲ. ಆಪರೇಟರ್‌ಗೆ 2 ಬಾರಿ ಕರೆ ಮಾಡಲಾಯಿತು, ಸಂಪರ್ಕ ಸಿಗಲಿಲ್ಲ. ಹೊಸ ಮೆಂಬ್ರೇನ್ ಕಳಿಸಬಹುದೇ?
ದುರಸ್ತಿ ಬೇಕು: ಅ-2. ಕಾಯಿನ್ ಬಾಕ್ಸ್ ದೋಷ. ಅಜ್ಜಂಪುರ ತಂಡ ಜುಲೈ 16, ಬುಧವಾರ ಹೋಗಲಿದೆ.
ಕೆಲಸ ಮಾಡುತ್ತಿವೆ: ಕ-5, ತ-1, ತ-3.

ಒಪ್ಪಿಗೆ ಬೇಕಾದದ್ದು ಮೊದಲು, ಸುಮ್ಮನೆ ತಿಳಿದಿರಲಿ ಎನ್ನುವಂಥದ್ದು ಕೊನೆಗೆ. ‘ಪುಣ್ಯಾತ್ಮ’ ಹೋಯಿತು, ಆದರೆ ‘ಅನ್ಸತ್ತೆ’ ಹೋಗಲಿಲ್ಲ. ಭಾಷೆ ಗಂಭೀರವಾಗುತ್ತಾ ಹೋದಂತೆ ಅನುಮಾನವೂ ಖಚಿತ ಮಾತಾಗಿಬಿಡುತ್ತದೆ. ನನಗೆ ಅತಿ ಕಷ್ಟವಾಗಿದ್ದು ಇದನ್ನು ತಡೆಯುವುದೇ. ‘ಬಿಚ್ಚಿ ನೋಡಿಲ್ಲ’ ಎಂದು ಬರೆದರೆ ಕೆಲಸ ಸರಿಯಾಗಿ ಮಾಡಿಲ್ಲವೆಂದು ಕಾಣುತ್ತದೆ ಎಂದು ಗೆಳೆಯ ಮುನಿಸಿಕೊಂಡ. ಆದರೂ ಬರೆದೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಕ-4ಕ್ಕೆ ಗುರುವಾರ ಟೆಕ್ನಿಷಿಯನ್ ಬರುತ್ತಾರೆ. ಮೊದಲು ಬಿಚ್ಚಿ ನೋಡಲಿ. ಮೆಂಬ್ರೇನ್ ಗಾಡಿಯಲ್ಲೇ ಇರುತ್ತದೆ.’ ಅದನ್ನು ಗ್ರೂಪಿಗೆ ಹಾಕಿದೆ. ಕಡೂರಿನಿಂದ ತಕ್ಷಣ ‘ಆಯ್ತು ಮಗಾ’ ಎಂದು ಬಂತು. ಮತ್ತೆ ಫೋನ್ ಎತ್ತಿಕೊಂಡೆ.