ಮೊದಲ ಕರೆಗೆ ಮುನ್ನ ಜೆಡಿ ಮತ್ತು ಬಜೆಟ್ ಕೇಳಿ

ಕೆಪಿಎಸ್‌ಸಿ ಒಂದು ಹುದ್ದೆಗೆ ಅರ್ಜಿ ಕರೆದರೆ ಅಧಿಸೂಚನೆಯಲ್ಲೇ ವೇತನ ಶ್ರೇಣಿ ಅಚ್ಚಾಗಿರುತ್ತದೆ. ಇಲಾಖೆ ಯಾವುದು, ವಿದ್ಯಾರ್ಹತೆ ಏನು, ಸಂಬಳ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಓದಿ ನೋಡಿಯೇ ಅಭ್ಯರ್ಥಿ ಶುಲ್ಕ ಕಟ್ಟುತ್ತಾನೆ. ಬೆಂಗಳೂರಿನ ಖಾಸಗಿ ಕೆಲಸಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ನೌಕ್ರಿಯಲ್ಲೋ ಲಿಂಕ್ಡ್‌ಇನ್‌ನಲ್ಲೋ ನಿಮ್ಮ ರೆಸ್ಯೂಮೆ ನೋಡಿದ ರಿಕ್ರೂಟರ್ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸುತ್ತಾರೆ. ದೊಡ್ಡ ಎಂಎನ್‌ಸಿಯಲ್ಲಿ ಅರ್ಜೆಂಟ್ ಓಪನಿಂಗ್ ಇದೆ, ಐದು ನಿಮಿಷ ಮಾತಾಡಬಹುದಾ ಎಂದು. ಕಂಪನಿಯ ಹೆಸರಿಲ್ಲ, ಕೆಲಸದ ವಿವರ ಇಲ್ಲ, ಸಂಬಳದ ಸುಳಿವಿಲ್ಲ. ಕರೆ ಎತ್ತಿಕೊಂಡರೆ ಮೊದಲು ಕೇಳುವುದೇ ಮೂರು ಪ್ರಶ್ನೆ: ಈಗಿನ ಸಿಟಿಸಿ ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು.

ಆ ಕರೆಗೆ ಒಪ್ಪುವ ಮುನ್ನವೇ ಪೂರ್ತಿ ಜಾಬ್ ಡಿಸ್ಕ್ರಿಪ್ಷನ್, ಅಂದರೆ ಎಲ್ಲರೂ ಹೇಳುವ ಜೆಡಿ, ಮತ್ತು ಆ ಹುದ್ದೆಗಿಟ್ಟಿರುವ ಬಜೆಟ್ ಎರಡನ್ನೂ ಬರಹದಲ್ಲಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳಿದರೆ ಎದುರಿನವರು ಬೇಸರ ಮಾಡಿಕೊಂಡಾರು, ದುಡ್ಡಿನ ಆಸೆಯವರು ಅಂದುಕೊಂಡಾರು ಎಂದು ಬಹಳ ಜನ ಸುಮ್ಮನಾಗುತ್ತಾರೆ. ಆ ಸಂಕೋಚದ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿದವರು ಕಡಿಮೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆರು ವರ್ಷ ಅನುಭವವಿರುವ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ಇದ್ದಾಳೆ. ಅವಳ ಈಗಿನ ಸಿಟಿಸಿ ವರ್ಷಕ್ಕೆ 12 ಲಕ್ಷ. ಹೊಸ ಕಂಪನಿ ಅವಳಂಥವರಿಗಾಗಿ ಇಟ್ಟಿರುವ ಬಜೆಟ್ 22 ಲಕ್ಷದವರೆಗೆ. ಅವಳು ಫೋನಿನಲ್ಲಿ ಮೊದಲು ತನ್ನ 12 ಲಕ್ಷವನ್ನು ಹೇಳಿಬಿಟ್ಟಳು ಎನ್ನಿ. ನಮ್ಮಲ್ಲಿ ಕೆಲಸ ಬದಲಿಸುವವರಿಗೆ ಹಳೆಯ ಸಂಬಳದ ಮೇಲೆ ಶೇಕಡಾ ಇಷ್ಟು ಹೈಕ್ ಎಂದು ಲೆಕ್ಕ ಹಾಕುವ ರೂಢಿ ಗಟ್ಟಿಯಾಗಿದೆ. ಶೇ 30 ಕೊಟ್ಟರೆ 15.6 ಲಕ್ಷ ಆಗುತ್ತದೆ, ಅವಳಿಗೂ ಖುಷಿಯಾಗುತ್ತದೆ. ಕೆಲಸ ಅದೇ, ಕುರ್ಚಿ ಅದೇ, ಆದರೆ ಬಜೆಟ್‌ನಿಂದ 6.4 ಲಕ್ಷ ಕೆಳಗೆ ಅವಳು ಸಹಿ ಹಾಕಿರುತ್ತಾಳೆ. ಮುಂದಿನ ವರ್ಷಗಳ ಇನ್‌ಕ್ರಿಮೆಂಟ್ ಎಲ್ಲ ಈ ಕೆಳಗಿನ ಮೊತ್ತದ ಮೇಲೇ ಕೂಡುತ್ತಾ ಹೋಗುತ್ತದೆ. ಬಜೆಟ್ ಮೊದಲು ತಿಳಿದಿದ್ದರೆ ಮಾತು 22ರ ಸುತ್ತ ನಡೆಯುತ್ತಿತ್ತು. ಯಾರ ಅಂಕಿ ಮೊದಲು ಹೊರಬರುತ್ತದೆ ಎಂಬುದರಲ್ಲೇ ಅರ್ಧ ಫಲಿತಾಂಶ ಇದೆ.

ಹಾಗಿದ್ದರೆ ರಿಕ್ರೂಟರ್ ಈ ಅಂಕಿಯನ್ನು ಹೇಳುತ್ತಾರೆಯೇ? ಅದು ಅವರಿಗೆ ದುಡ್ಡು ಯಾರಿಂದ, ಹೇಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಇದನ್ನು ಅರಿತವರಿಗೆ ಕೇಳುವುದು ಸುಲಭ.

ಹೊರಗಿನ ಕನ್ಸಲ್ಟೆನ್ಸಿಯವರು ಕಾಯಂ ಕೆಲಸಕ್ಕೆ ಜನ ಹುಡುಕಿಕೊಡುವಾಗ ಕಂಪನಿ ಅವರಿಗೆ ಶುಲ್ಕ ಕೊಡುತ್ತದೆ. ಸಾಮಾನ್ಯವಾಗಿ ಕೇಳಿಬರುವ ದರ ವಾರ್ಷಿಕ ಸಿಟಿಸಿಯ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ನಮ್ಮ ಎಂಜಿನಿಯರ್ 15.6ಕ್ಕೆ ಸೇರಿದರೆ ಅವರಿಗೆ 1.3 ಲಕ್ಷ, 22ಕ್ಕೆ ಸೇರಿದರೆ 1.83 ಲಕ್ಷ. ನಿಮ್ಮ ಸಂಬಳ ಏರಿದರೆ ಅವರ ಶುಲ್ಕವೂ ಏರುತ್ತದೆ. ಕಂಪನಿ ಅವರಿಗೆ ಹುದ್ದೆಯ ವಿವರ ಕಳಿಸುವಾಗ ಎಷ್ಟು ವರ್ಷ ಅನುಭವ, ಯಾವ ಊರು, ಗರಿಷ್ಠ ಎಷ್ಟು ಎಂದು ತಿಳಿಸಿರುವುದೇ ಹೆಚ್ಚು. ಆದ್ದರಿಂದ ಇಂಥವರನ್ನು ಧೈರ್ಯವಾಗಿ ಕೇಳಬಹುದು. ಅವರು ಹೇಳದಿದ್ದರೆ ಹೆಚ್ಚಾಗಿ ಕಾರಣ ಅವಸರ. ದಿನಕ್ಕೆ ಇಷ್ಟು ಪ್ರೊಫೈಲ್ ಕಳಿಸಲೇಬೇಕೆಂಬ ಟಾರ್ಗೆಟ್ ಅವರ ತಲೆಯ ಮೇಲಿರುತ್ತದೆ, ಎಕ್ಸೆಲ್ ಹಾಳೆಯ ಸಿಟಿಸಿ ಕಾಲಂ ತುಂಬಬೇಕಾಗಿರುತ್ತದೆ.

ಕಾಂಟ್ರ್ಯಾಕ್ಟ್ ಕೆಲಸದ ವೆಂಡರ್‌ಗಳ ಲೆಕ್ಕ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ನೀವು ದುಡಿಯುವುದು ಒಂದು ಕಂಪನಿಗೆ, ಸಂಬಳ ಕೊಡುವುದು ಇನ್ನೊಂದು. ದುಡಿಸಿಕೊಳ್ಳುವ ಕಂಪನಿ ನಿಮ್ಮ ಹೆಸರಿನಲ್ಲಿ ವೆಂಡರ್‌ಗೆ ತಿಂಗಳಿಗಿಷ್ಟು ಎಂದು ಬಿಲ್ ಕಟ್ಟುತ್ತದೆ. ನಿಮಗೆ ಕೊಟ್ಟು ಉಳಿದದ್ದು ವೆಂಡರ್‌ಗೆ. ನೀವು ಕಡಿಮೆ ಕೇಳಿದಷ್ಟೂ ಅವರಿಗೆ ಹೆಚ್ಚು ಉಳಿಯುತ್ತದೆ. ಇಂಥವರು ಬಜೆಟ್ ಹೇಳದೆ ನಿಮ್ಮ ಬಾಯಿಂದಲೇ ಅಂಕಿ ಹೊರಡಿಸಲು ನೋಡುವುದು ಸಹಜ. ಅದಕ್ಕೇ ಮೊದಲ ಸಂದೇಶದಲ್ಲೇ ಪೇರೋಲ್ ಯಾರದು ಎಂಬ ಪ್ರಶ್ನೆ ಇರಬೇಕು. ಕಂಪನಿಯ ಸ್ವಂತ ಎಚ್‌ಆರ್‌ನವರ ಕಥೆ ಮತ್ತೊಂದು. ಅವರಿಗೆ ಸಂಬಳದ ಬ್ಯಾಂಡ್ ಗೊತ್ತಿರುತ್ತದೆ. ಅದನ್ನು ಬಹಿರಂಗವಾಗಿ ಹೇಳಿದರೆ ಒಳಗೆ ಅದೇ ಕೆಲಸ ಮಾಡುತ್ತಿರುವ ಹಳಬರು ಹೋಲಿಸಿ ಕೇಳುತ್ತಾರೆ ಎಂಬ ಅಳುಕು ಅವರಿಗಿರುತ್ತದೆ. ಅಳುಕು ಸುಳ್ಳಲ್ಲ, ಆದರೆ ಅದರ ಭಾರ ಹೊಸಬರ ಹೆಗಲಿಗೆ ಬರಬೇಕಾದ್ದಿಲ್ಲ.

ಕೇಳುವುದು ಹೇಗೆ? ಕಠಿಣವಾಗಿಯೂ ಬೇಡ, ಅತಿಯಾಗಿ ಬಾಗಿಯೂ ಬೇಡ. ಹೆಚ್ಚಿನವರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಅದರ ಒಕ್ಕಣೆ ಹೀಗಿದ್ದರೆ ಸಾಕು: ನಮಸ್ಕಾರ, ಸಂಪರ್ಕಿಸಿದ್ದಕ್ಕೆ ಧನ್ಯವಾದ. ಕರೆಗೆ ಮುನ್ನ ಪೂರ್ತಿ ಜೆಡಿ, ಕಂಪನಿಯ ಹೆಸರು, ಪೇರೋಲ್ ಯಾರದು ಮತ್ತು ಈ ಹುದ್ದೆಯ ಫಿಕ್ಸ್ಡ್ ಸಂಬಳದ ಮಿತಿ ಕಳಿಸಿಕೊಡಿ. ನೋಡಿ, ನನಗೆ ಹೊಂದುವಂತಿದ್ದರೆ ನಾಳೆ ಸಂಜೆ ಆರರ ನಂತರ ಮಾತಾಡಬಹುದು. ನನ್ನ ಒಪ್ಪಿಗೆ ಮೇಲ್‌ನಲ್ಲಿ ಬರುವವರೆಗೆ ರೆಸ್ಯೂಮೆಯನ್ನು ಯಾರಿಗೂ ಕಳಿಸಬೇಡಿ.

ಕೊನೆಯ ಆ ಸಾಲನ್ನು ಬಿಡಬೇಡಿ. ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಗಳಿಂದ ನಿಮ್ಮ ಹೆಸರು ಹೋದರೆ ಶುಲ್ಕ ಯಾರಿಗೆ ಎಂಬ ತಕರಾರು ಬರುತ್ತದೆ, ಕಂಪನಿ ಡೂಪ್ಲಿಕೇಟ್ ಎಂದು ಪ್ರೊಫೈಲನ್ನೇ ಪಕ್ಕಕ್ಕಿಡಬಹುದು. ಮೊದಲು ಕಳಿಸಿದವರ ಹಕ್ಕು ಕೆಲವು ತಿಂಗಳು ನಡೆಯುವುದರಿಂದ, ಮುಂದೆ ನೀವೇ ನೇರವಾಗಿ ಅರ್ಜಿ ಹಾಕಿದರೂ ಅಡ್ಡಿಯಾಗುತ್ತದೆ. ಕನ್ಸಲ್ಟೆನ್ಸಿಯವರು ಕಂಪನಿಯ ಹೆಸರು ಮುಚ್ಚಿಡುವುದಕ್ಕೂ ಇದೇ ಕಾರಣ. ಹೆಸರು ತಿಳಿದರೆ ನೀವು ಅವರನ್ನು ದಾಟಿ ನೇರ ಹೋಗುತ್ತೀರೆಂಬ ಭಯ. ನೇರವಾಗಿ ಹೋಗುವುದಿಲ್ಲ ಎಂದು ಒಂದು ಮಾತು ಬರೆದುಕೊಟ್ಟರೆ ಬಹಳಷ್ಟು ಜನ ಹೆಸರು ಹೇಳುತ್ತಾರೆ.

ಉತ್ತರ ಬಂದಾಗ ಓದುವುದೂ ಒಂದು ಕೆಲಸ. ಜೆಡಿಯಲ್ಲಿ ಹದಿನೈದು ತಂತ್ರಜ್ಞಾನಗಳ ಹೆಸರಿದ್ದು, ದಿನನಿತ್ಯ ಮಾಡಬೇಕಾದ್ದೇನು ಎಂಬ ಒಂದು ಸಾಲೂ ಇಲ್ಲದಿದ್ದರೆ ಅದು ಎಲ್ಲಿಂದಲೋ ಎತ್ತಿ ಅಂಟಿಸಿದ್ದು. ಶಿಫ್ಟ್ ಯಾವುದು, ವಾರಕ್ಕೆ ಎಷ್ಟು ದಿನ ಆಫೀಸು, ಆಫೀಸು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಎಂಬುದು ಇಲ್ಲದಿದ್ದರೆ ಕೇಳಿ. ರಾಜಾಜಿನಗರದಲ್ಲಿ ಮನೆ ಇರುವವರಿಗೆ ಅದೂ ಸಂಬಳದ ಒಂದು ಭಾಗವೇ. ಜೆಡಿಯೇ ಇಲ್ಲ, ಮೇಲ್ ಬಂದಿರುವುದು ಕಂಪನಿಯ ವಿಳಾಸದಿಂದಲ್ಲ, ರಿಜಿಸ್ಟ್ರೇಷನ್ ಫೀಸು ಅಥವಾ ಲ್ಯಾಪ್‌ಟಾಪ್ ಡಿಪಾಸಿಟ್ ಕಟ್ಟಿ ಎನ್ನುತ್ತಾರೆ ಎಂದರೆ ಅದು ಕೆಲಸವಲ್ಲ, ಮೋಸ. ಅಲ್ಲಿಗೆ ನಿಲ್ಲಿಸಿ.

ಸಂಬಳದ ಅಂಕಿಯನ್ನು ಬಿಡಿಸಿ ನೋಡಬೇಕು. 22 ಲಕ್ಷ ಎಂದರೆ ತಿಂಗಳಿಗೆ 1.83 ಲಕ್ಷ ಎಂದು ಮನಸ್ಸು ಕೂಡಲೇ ಭಾಗಿಸುತ್ತದೆ. ಆದರೆ ಅದರಲ್ಲಿ ಶೇ 10 ವೇರಿಯಬಲ್ ಇದ್ದರೆ 2.2 ಲಕ್ಷ ಹೊರಗುಳಿಯಿತು. ಅದು ವರ್ಷದ ಕೊನೆಗೆ ಬರಬಹುದು, ಪೂರ್ತಿ ಬಾರದೆಯೂ ಇರಬಹುದು. ಮೂಲವೇತನ 11 ಲಕ್ಷ ಎಂದಿದ್ದು ಪಿಎಫ್ ಅದರ ಪೂರ್ತಿ ಮೇಲೆ ಲೆಕ್ಕವಾದರೆ, ಕಂಪನಿ ಕಟ್ಟುವ ಶೇ 12 ಅಂದರೆ 1.32 ಲಕ್ಷವೂ, ಗ್ರಾಚ್ಯುಟಿಯ ಶೇ 4.81 ಅಂದರೆ ಸುಮಾರು 53 ಸಾವಿರವೂ ಇದೇ 22ರ ಒಳಗೇ ಸೇರಿರುತ್ತವೆ. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ನಿಮ್ಮ ಪಾಲಿನ ಪಿಎಫ್ 11 ಸಾವಿರ ಕಳೆದರೆ ಆದಾಯ ತೆರಿಗೆಗೆ ಮುನ್ನವೇ ಸಿಗುವುದು ತಿಂಗಳಿಗೆ ಸುಮಾರು 1.39 ಲಕ್ಷ. ಕೆಲವು ಕಂಪನಿಗಳು ಪಿಎಫ್ ಅನ್ನು ತಿಂಗಳಿಗೆ 1,800 ರೂಪಾಯಿಗೆ ಮಿತಿಗೊಳಿಸುತ್ತವೆ, ಆಗ ಕೈಗೆ ಇನ್ನಷ್ಟು ಬರುತ್ತದೆ. ಅದಕ್ಕೇ ಸಂದೇಶದಲ್ಲಿ ಬರೀ ಸಿಟಿಸಿ ಎನ್ನದೆ ಫಿಕ್ಸ್ಡ್ ಎಂದು ಕೇಳಬೇಕು.

ಅಂಕಿಯ ಬದಲು ಮಾತು ಬಂದರೆ? ಸಂಬಳ ಸಮಸ್ಯೆಯೇ ಅಲ್ಲ ಮ್ಯಾಮ್, ಕಂಪನಿ ಸ್ಟ್ಯಾಂಡರ್ಡ್ ಪ್ರಕಾರ ಕೊಡುತ್ತಾರೆ, ನಿಮ್ಮ ಸಿಟಿಸಿ ಹೇಳಿ, ನೋಡೋಣ ಎನ್ನುವ ಉತ್ತರಗಳು ಸಾಮಾನ್ಯ. ಇವುಗಳಲ್ಲಿ ಮಾಹಿತಿ ಏನೂ ಇಲ್ಲ. ಇನ್ನೊಮ್ಮೆ ಕೇಳಿ. ಆಗಲೂ ಬಾರದಿದ್ದರೆ, ನಿಮಗೆ ಆ ಕಂಪನಿ ನಿಜಕ್ಕೂ ಬೇಕಾಗಿದ್ದರೆ, ನಿಮ್ಮ ಕನಿಷ್ಠವನ್ನು ನೀವೇ ಬರೆಯಿರಿ: ಫಿಕ್ಸ್ಡ್ 19 ಲಕ್ಷಕ್ಕಿಂತ ಕೆಳಗೆ ನಾನು ಬದಲಾಯಿಸುವುದಿಲ್ಲ, ಬಜೆಟ್ ಅಷ್ಟಿದ್ದರೆ ಮಾತಾಡೋಣ. ಈ ಅಂಕಿ ನಿಮ್ಮ ಹಳೆಯ ಸಂಬಳದಿಂದ ಹುಟ್ಟಬಾರದು. ಅದೇ ಅನುಭವದ, ಅದೇ ಕೆಲಸದ ಗೆಳೆಯರನ್ನು ವಿಚಾರಿಸಿ ತಿಳಿದುಕೊಂಡದ್ದಾಗಿರಬೇಕು. ಹಳೆಯ ಸಂಬಳದ ವಿಷಯದಲ್ಲಿ ಸುಳ್ಳು ಮಾತ್ರ ಹೇಳಬೇಡಿ. ಆಫರ್ ಹೊತ್ತಿಗೆ ಪೇಸ್ಲಿಪ್ ಕೇಳುತ್ತಾರೆ, ಸಿಕ್ಕಿಬಿದ್ದರೆ ಕೈಗೆ ಬಂದ ಆಫರ್ ಹೋಗುತ್ತದೆ. ಹೇಳುವುದನ್ನು ಮುಂದೂಡುವುದು ಬೇರೆ, ತಿರುಚುವುದು ಬೇರೆ.

ಈ ಕ್ರಮ ಎಲ್ಲರಿಗೂ ಒಂದೇ ರೀತಿ ಒಪ್ಪುವುದಿಲ್ಲ. ಕಾಲೇಜು ಮುಗಿಸಿದ ಹೊಸಬರಿಗೆ ಕಂಪನಿಗಳು ಒಂದೇ ಪ್ಯಾಕೇಜ್ ಇಟ್ಟಿರುತ್ತವೆ, ಅಲ್ಲಿ ಕೇಳಿ ತಿಳಿಯುವುದಷ್ಟೇ ಸಾಧ್ಯ, ಚೌಕಾಸಿಗೆ ಜಾಗವಿಲ್ಲ. ಕೆಲಸ ಕಳೆದುಕೊಂಡು ಮನೆಯಲ್ಲಿ ಇಎಂಐ ಎದುರಿಸುತ್ತಿರುವವರು ಸಂಬಳ ತಿಳಿಯದೆಯೂ ಕರೆ ಎತ್ತಿಕೊಂಡರೆ ಅದು ತಪ್ಪಲ್ಲ, ಜೆಡಿಯನ್ನಾದರೂ ಮೊದಲು ಕೇಳಲಿ. ಸಣ್ಣ ಸ್ಟಾರ್ಟ್‌ಅಪ್‌ನ ಸ್ಥಾಪಕರೇ ಕರೆ ಮಾಡಿದಾಗ ಹುದ್ದೆಯ ರೂಪ ಮಾತಿನಲ್ಲೇ ಬೆಳೆಯುವುದುಂಟು, ಅಲ್ಲಿ ಮೊದಲ ಮಾತುಕತೆಯ ಕೊನೆಗೆ ಸಂಬಳ ಕೇಳಿದರೂ ತಡವಾಗುವುದಿಲ್ಲ.

ಬೇರೆ ಕಡೆ ಕಾನೂನೇ ಈ ಕೆಲಸ ಮಾಡುತ್ತಿದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ಮಿತಿ ಹಾಕುವುದು ಕಡ್ಡಾಯ, ತೀರಾ ಸಣ್ಣ ಸಂಸ್ಥೆಗಳಿಗೆ ಕ್ಯಾಲಿಫೋರ್ನಿಯಾ ವಿನಾಯಿತಿ ಕೊಟ್ಟಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನ, ಸಂದರ್ಶನಕ್ಕೆ ಮುನ್ನವೇ ಸಂಬಳದ ಮಿತಿ ತಿಳಿಸಬೇಕು, ಹಳೆಯ ಸಂಬಳವನ್ನು ಕೇಳಲೇಬಾರದು ಎನ್ನುತ್ತದೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲು ಕೊಟ್ಟ ಗಡುವು 2026ರ ಜೂನ್ 7. ಭಾರತದಲ್ಲಿ ಖಾಸಗಿ ಹುದ್ದೆಗಳಿಗೆ ಇಂಥ ಕಾನೂನಿಲ್ಲ. ಅಮೆರಿಕದ ಕಂಪನಿ ಡೆನ್ವರ್‌ನ ಹುದ್ದೆಗೆ ಅಂಕಿ ಹಾಕಿ, ಬೆಂಗಳೂರಿನ ಹುದ್ದೆಗೆ ಹಾಕದೆ ಬಿಡಲು ಇಲ್ಲಿ ಯಾವ ಅಡ್ಡಿಯೂ ಇಲ್ಲ.

ಆದ್ದರಿಂದ ಇಲ್ಲಿ ಕೇಳುವ ಹೊಣೆ ಸದ್ಯಕ್ಕೆ ಅಭ್ಯರ್ಥಿಯದು. ರಿಕ್ರೂಟರ್‌ಗಳಾಗಿರುವ ಕನ್ನಡದ ಹುಡುಗ ಹುಡುಗಿಯರಲ್ಲೂ ಒಂದು ವಿನಂತಿ. ಬಜೆಟ್ ನಿಮ್ಮ ಹಾಳೆಯಲ್ಲಿ ಇದ್ದಾಗ ಅದನ್ನು ಮೊದಲ ಸಂದೇಶದಲ್ಲೇ ಹಾಕಿ, ಜೆಡಿ ಲಗತ್ತಿಸಿ ಕಳಿಸಿ. ಹೊಂದದವರು ಆಗಲೇ ಬೇಡ ಎನ್ನುತ್ತಾರೆ, ಹೊಂದುವವರಿಗೆ ನಿಮ್ಮ ಸಮಯ ಉಳಿಯುತ್ತದೆ.