ಪಗಾರದ ಚೀಟಿಯಲ್ಲಿ ಇಲ್ಲದ ಸಾಲು

ರಾತ್ರಿ ಪಾಳಿಯ ಭತ್ಯೆ ತಿಂಗಳಿಗೆ 3,000 ರೂಪಾಯಿ ಎಂದು ಮಂಜೂರಾಗಿದೆ, ಪೇಸ್ಲಿಪ್‌ನಲ್ಲಿ ಆ ಸಾಲೇ ಇಲ್ಲ ಎಂದುಕೊಳ್ಳಿ. ಪೇರೋಲ್ ವಿಭಾಗಕ್ಕೆ ಬರೆಯುವ ಮೊದಲು ಮಂಜೂರಾತಿಯ ದಿನಾಂಕ ನೋಡಿ. ಅನೇಕ ಕಂಪನಿಗಳು ತಿಂಗಳ ಮಧ್ಯದಲ್ಲೇ ಲೆಕ್ಕ ಮುಚ್ಚುತ್ತವೆ. 20ಕ್ಕೆ ಮುಚ್ಚುವ ಕಡೆ 23ಕ್ಕೆ ಸಿಕ್ಕ ಮಂಜೂರಾತಿ ಸಾಮಾನ್ಯವಾಗಿ ಮುಂದಿನ ತಿಂಗಳು ಬಾಕಿಯಾಗಿ ಬರುತ್ತದೆ. 12ಕ್ಕೇ ಸಿಕ್ಕಿದ್ದರೆ ಎಲ್ಲೋ ನಮೂದು ತಪ್ಪಿದೆ.

ಪೇಸ್ಲಿಪ್‌ನ ಸ್ಕ್ರೀನ್‌ಶಾಟ್ ಹಣ ಬಂದಿಲ್ಲವೆಂದಷ್ಟೇ ತೋರಿಸುತ್ತದೆ. ಬರಬೇಕಿತ್ತೆಂದು ಹೇಳುವುದು ಮಂಜೂರಾತಿಯ ಇಮೇಲ್. ಎರಡನ್ನೂ ಲಗತ್ತಿಸಲೇಬೇಕು. ಚಿತ್ರದಲ್ಲಿ ತಿಂಗಳು, ಉದ್ಯೋಗಿ ಸಂಖ್ಯೆ, ಗಳಿಕೆಯ ಇಡೀ ಪಟ್ಟಿ ಮತ್ತು ಒಟ್ಟು ಮೊತ್ತ ಕಾಣಲಿ. ಅರ್ಧ ಕತ್ತರಿಸಿದರೆ, ಭತ್ಯೆ ಬೇರೆ ಹೆಸರಿನಲ್ಲಿ ಸೇರಿದೆಯೇ ಎಂಬ ಅನುಮಾನ ಉಳಿಯುತ್ತದೆ. ಬ್ಯಾಂಕ್ ಖಾತೆ, ಪ್ಯಾನ್ ಸಂಖ್ಯೆಗಳನ್ನು ಮರೆಮಾಡಿ.

ಪತ್ರ ಇಷ್ಟಿದ್ದರೆ ಸಾಕು: “ಮಾನ್ಯರೇ, ಜೂನ್ 1ರಿಂದ ಅನ್ವಯವಾಗುವಂತೆ ನನಗೆ ತಿಂಗಳಿಗೆ 3,000 ರೂಪಾಯಿ ರಾತ್ರಿ ಪಾಳಿ ಭತ್ಯೆ ಜೂನ್ 12ರಂದು ಮಂಜೂರಾಗಿದೆ. ಜೂನ್ ಪೇಸ್ಲಿಪ್‌ನಲ್ಲಿ ಅದು ಸೇರಿಲ್ಲ. ಎರಡೂ ದಾಖಲೆ ಲಗತ್ತಿಸಿದ್ದೇನೆ. ಪರಿಶೀಲಿಸಿ, ಯಾವಾಗ ಪಾವತಿಸುವಿರಿ ಎಂದು ತಿಳಿಸಿ.”

ಬಾಕಿ ಬಂದಾಗ ಆದಾಯ ತೆರಿಗೆ ಕಡಿತವಾಗಿ ಕೈಗೆ 3,000ಕ್ಕಿಂತ ಕಡಿಮೆ ಸಿಗಬಹುದು. ಆದ್ದರಿಂದ ಬ್ಯಾಂಕಿನ ಸಂದೇಶ ನೋಡಿ ದೂರಬೇಡಿ, ಜುಲೈ ಪೇಸ್ಲಿಪ್‌ನ ಗಳಿಕೆಯ ಪಟ್ಟಿಯಲ್ಲಿ ಜೂನ್ ಬಾಕಿ ಮತ್ತು ಜುಲೈ ಭತ್ಯೆ ಎರಡೂ ಇವೆಯೇ ಎಂದು ನೋಡಿ.