ಗೋಡೆ ಒಡೆಸುವ ಮೊದಲು ಫ್ಲಶ್ ಪ್ಲೇಟ್ ತೆಗೆದು ನೋಡಿ

ಗೋಡೆಯೊಳಗೆ ಹುದುಗಿಸಿದ ಫ್ಲಶ್ ಟ್ಯಾಂಕಿನ ಬಟನ್ ಒತ್ತಿದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಸಡಿಲವಾಗಿ ಲೊಡಲೊಡ ಅನ್ನುತ್ತದೆ. ಪ್ಲಂಬರ್ ಬಂದು ಎರಡು ಸಲ ಒತ್ತಿ ನೋಡಿ, "ಸಾರ್, ಒಳಗೆ ಹೋಗ್ಬಿಟ್ಟಿದೆ, ಟೈಲ್ಸ್ ಒಡೀಬೇಕಾಗುತ್ತೆ" ಅಂದರೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಈ ಮಾತನ್ನು ತಕ್ಷಣ ನಂಬಬೇಕಿಲ್ಲ. ಟ್ಯಾಂಕಿನೊಳಗೆ ಕೆಡಬಹುದಾದ ಭಾಗಗಳನ್ನೆಲ್ಲ ಬಟನ್ ಕೂತಿರುವ ಆ ಆಯತಾಕಾರದ ಕಿಂಡಿಯಿಂದಲೇ ಹೊರತೆಗೆಯುವ ಹಾಗೆ ಕಂಪನಿಯವರು ಮಾಡಿರುತ್ತಾರೆ. ಟ್ಯಾಂಕೇ ಬಿರುಕುಬಿಟ್ಟರೆ ಅಥವಾ ಅದರಿಂದ ಕಮೋಡ್‌ಗೆ ಬರುವ ಪೈಪಿನ ಜೋಡಣೆ ಸೋರಿದರೆ ಗೋಡೆಗೆ ಸುತ್ತಿಗೆ ಬೀಳಬಹುದು. ಬಟನ್ ತೊಂದರೆಗೆ ಅದರ ಅಗತ್ಯ ಬರುವುದು ತೀರಾ ಅಪರೂಪ.

ಬಟನ್ ನೇರವಾಗಿ ನೀರು ಬಿಡುವುದಿಲ್ಲ. ಅದರ ಬೆನ್ನಿಗೆ ಬೆರಳುದ್ದದ ಪ್ಲಾಸ್ಟಿಕ್ ಕಡ್ಡಿಯೊಂದು ಇರುತ್ತದೆ. ಅದಕ್ಕೆ ಪುಶ್ ರಾಡ್ ಅನ್ನುತ್ತಾರೆ. ಬಟನ್ ಒತ್ತಿದಾಗ ಈ ಕಡ್ಡಿ ಒಳಗಿನ ಲಿವರನ್ನು ತಳ್ಳುತ್ತದೆ. ಲಿವರ್ ಏತದ ಹಾಗೆ, ಒಂದು ತುದಿ ತಳ್ಳಿಸಿಕೊಂಡರೆ ಇನ್ನೊಂದು ತುದಿ ಮೇಲೇಳುತ್ತದೆ. ಆ ತುದಿ ಟ್ಯಾಂಕಿನ ನಡುವೆ ನಿಂತಿರುವ ಫ್ಲಶ್ ವಾಲ್ವನ್ನು ಎತ್ತುತ್ತದೆ. ವಾಲ್ವಿನ ತಳದ ರಬ್ಬರ್ ವಾಷರ್ ಜಾಗ ಬಿಟ್ಟು ಎದ್ದಾಗ ನೀರು ಧೊಪ್ಪನೆ ಇಳಿಯುತ್ತದೆ. ದೊಡ್ಡ ಬಟನ್‌ಗೊಂದು, ಚಿಕ್ಕ ಬಟನ್‌ಗೊಂದು ಅಂತ ಕಡ್ಡಿ ಎರಡು, ಲಿವರೂ ಎರಡು. ಸಾಮಾನ್ಯವಾಗಿ ದೊಡ್ಡದಕ್ಕೆ 6 ಲೀಟರ್, ಚಿಕ್ಕದಕ್ಕೆ 3 ಲೀಟರ್ ನೀರು.

ಇಲ್ಲಿ ನೆನಪಿಡಬೇಕಾದ್ದು ಕಡ್ಡಿಯ ಉದ್ದ. ಟ್ಯಾಂಕನ್ನು ಕೂರಿಸುವಾಗ ಗೋಡೆ ಇನ್ನೂ ಬರಿ ಇಟ್ಟಿಗೆ. ಆಮೇಲೆ ಗಿಲಾವು, ಟೈಲ್ಸ್ ಎಲ್ಲ ಬರುತ್ತವೆ. ಟೈಲ್ಸ್ ಮೇಲ್ಮೈಯಿಂದ ಲಿವರ್ ಎಷ್ಟು ಒಳಗೆ ಉಳಿಯುತ್ತದೆ ಅನ್ನುವುದು ಒಂದೊಂದು ಮನೆಗೆ ಒಂದೊಂದು. ಅದಕ್ಕೇ ಕಡ್ಡಿಗೆ ಮರೆ ಕೊಟ್ಟು, ತಿರುಗಿಸಿ ಉದ್ದ–ಗಿಡ್ಡ ಮಾಡಿಕೊಳ್ಳುವ ಏರ್ಪಾಡು ಇರುತ್ತದೆ. ಕೆಲಸ ಮುಗಿಸುವ ಅವಸರದಲ್ಲಿ ಯಾರೂ ಅದನ್ನು ಸರಿಯಾಗಿ ಅಳೆಯುವುದಿಲ್ಲ. ನನ್ನ ಮಟ್ಟಿಗೆ ಅರ್ಧಕ್ಕರ್ಧ ದೂರುಗಳ ಮೂಲ ಇದೇ.

ನಮ್ಮ ಪರಿಚಯದವರ ಫ್ಲ್ಯಾಟಿನಲ್ಲಿ ಆದದ್ದನ್ನೇ ನೋಡಿ. ಬಾತ್‌ರೂಮಿಗೆ ಹೊಸ ರೂಪ ಕೊಡಬೇಕೆಂದು ಹಳೇ ಟೈಲ್ಸ್ ಕೀಳದೆ ಅದರ ಮೇಲೇ ಹೊಸದನ್ನು ಅಂಟಿಸಿದರು. ಟೈಲ್ಸ್ 8 ಮಿಲಿಮೀಟರ್, ಅಂಟಿನ ಪದರ ಸುಮಾರು 5. ಅಂದರೆ ಗೋಡೆ 13 ಮಿಲಿಮೀಟರ್ ಮುಂದೆ ಬಂತು, ಫ್ಲಶ್ ಪ್ಲೇಟೂ ಅಷ್ಟೇ ಮುಂದೆ ಬಂತು. ಕಡ್ಡಿಗಳು ಮಾತ್ರ ಹಳೇ ಅಳತೆಯಲ್ಲೇ ಉಳಿದವು. ಮರುದಿನದಿಂದ ಚಿಕ್ಕ ಬಟನ್ ಒತ್ತಿದರೆ ಸುಮ್ಮನೆ ಒಳಗೆ ಹೋಗಿ ಬರುತ್ತಿತ್ತು. ದೊಡ್ಡದನ್ನು ಗೋಡೆಯೊಳಗೆ ತೂರಿಸುವಷ್ಟು ಒತ್ತಿದರೆ ಸ್ವಲ್ಪ ನೀರು ಬಂದು ನಿಂತುಬಿಡುತ್ತಿತ್ತು. ಬಂದ ಪ್ಲಂಬರ್ ಟ್ಯಾಂಕೇ ಹೋಗಿದೆ ಎಂದು ತೀರ್ಪು ಕೊಟ್ಟ.

ಇಂಥ ಕಡೆ ಮೊದಲು ಮಾಡಬೇಕಾದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಪ್ಲೇಟ್ ತೆಗೆಯಿರಿ. ಹೆಚ್ಚಿನವು ಮೇಲಕ್ಕೆ ತಳ್ಳಿ ಕೆಳಗಿನ ಅಂಚನ್ನು ಎಳೆದರೆ ಬಿಚ್ಚಿಕೊಳ್ಳುತ್ತವೆ. ಕೆಲವಕ್ಕೆ ಪಕ್ಕದಲ್ಲೋ ಅಡಿಯಲ್ಲೋ ಸಣ್ಣ ಸ್ಕ್ರೂ ಇರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಟೈಲ್ಸ್ ಅಂಚು ಹಾರಿಹೋದೀತು, ಜೋಕೆ. ಪ್ಲೇಟ್ ಬಂದ ಮೇಲೆ ಕಾಣುವ ಕಡ್ಡಿಯ ತುದಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ. ನೀರು ಚೆನ್ನಾಗಿ ಇಳಿದು, ಕಡ್ಡಿ ತಾನೇ ಹಿಂದೆ ಬಂದರೆ ಟ್ಯಾಂಕ್ ಸರಿಯಾಗಿದೆ, ತೊಂದರೆ ಪ್ಲೇಟಿನದ್ದು ಅಥವಾ ಕಡ್ಡಿಯ ಉದ್ದದ್ದು. ಬೆರಳಿಗೂ ಬಿಗಿಯಾಗಿ ಸಿಕ್ಕಿದರೆ ಅಥವಾ ಏನೂ ತಗುಲದ ಹಾಗೆ ಹೋದರೆ ತೊಂದರೆ ಅದರ ಹಿಂದಿದೆ. ಆ ಫ್ಲ್ಯಾಟಿನಲ್ಲಿ ಬೆರಳು ಒತ್ತಿದ ಕೂಡಲೇ ಪೂರ್ತಿ ನೀರು ಇಳಿಯಿತು.

ಅವರು ಎರಡು ಕಡ್ಡಿಗಳನ್ನೂ ತಿರುಗಿಸಿ ಹೊರಕ್ಕೆ ತಂದರು. ಗಿಡ್ಡ ಇದ್ದರೆ ತಾನೇ ತೊಂದರೆ ಎಂದುಕೊಂಡು ಚೂರು ಜಾಸ್ತಿಯೇ ತಂದರು. ಪ್ಲೇಟ್ ಕೂರಿಸಿದ ಮೇಲೆ ಫ್ಲಶ್ ಜೋರಾಗಿಯೇ ಬಂತು. ಆದರೆ ಕಮೋಡಿನ ಹಿಂಭಾಗದಲ್ಲಿ ಸಣ್ಣ ನೀರಿನ ಗೆರೆ ನಿಲ್ಲಲೇ ಇಲ್ಲ. ಕಡ್ಡಿ ಉದ್ದವಾದಾಗ ಆಗುವುದು ಇದೇ. ಯಾರೂ ಒತ್ತದಿದ್ದರೂ ಪ್ಲೇಟೇ ಲಿವರನ್ನು ಒತ್ತಿ ಹಿಡಿದಿರುತ್ತದೆ, ವಾಷರ್ ಪೂರ್ತಿ ಕೂರುವುದಿಲ್ಲ. ನೋಡುವವರಿಗೆ ವಾಷರ್ ಸವೆದ ಹಾಗೇ ಕಾಣುತ್ತದೆ. ವ್ಯತ್ಯಾಸ ಹಿಡಿಯುವುದು ಸುಲಭ: ಪ್ಲೇಟ್ ತೆಗೆದ ಕೂಡಲೇ ಸೋರಿಕೆ ನಿಂತರೆ ತಪ್ಪು ಕಡ್ಡಿಯದ್ದು, ತೆಗೆದ ಮೇಲೂ ಸೋರುತ್ತಿದ್ದರೆ ವಾಷರಿನದ್ದು. ಗೆರೆ ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಕಮೋಡಿನ ಹಿಂಭಾಗವನ್ನು ಒರೆಸಿ ಒಣ ಟಿಶ್ಯೂ ಕಾಗದ ಅಂಟಿಸಿ ನೋಡಿ, ಒದ್ದೆಯಾಗುವ ಜಾಗ ತಿಳಿಯುತ್ತದೆ.

ಸರಿಯಾದ ಅಳತೆಯೆಂದರೆ, ಪ್ಲೇಟ್ ಕೂತಾಗ ಕಡ್ಡಿಯ ತುದಿಗೂ ಬಟನ್ ಬೆನ್ನಿಗೂ ನಡುವೆ ಒಂದೆರಡು ಮಿಲಿಮೀಟರ್ ಸಡಿಲ ಉಳಿಯಬೇಕು. ಒಂದೊಂದೇ ಸುತ್ತು ತಿರುಗಿಸಿ, ಪ್ಲೇಟ್ ಕೂರಿಸಿ, ಒತ್ತಿ ನೋಡಬೇಕು. ಬೇಸರದ ಕೆಲಸ, ಆದರೆ ಬೇರೆ ಅಡ್ಡದಾರಿ ಇಲ್ಲ. ಕೆಲವು ಕಂಪನಿಯ ಕಡ್ಡಿಗಳಲ್ಲಿ ಅಳತೆಯ ಗುರುತೇ ಇರುತ್ತದೆ, ಇದ್ದರೆ ಅದನ್ನೇ ನೆಚ್ಚಿಕೊಳ್ಳಿ. ಪ್ಲೇಟ್ ಸಿಕ್ಕಿಸುವ ಚೌಕಟ್ಟಿನ ಬೋಲ್ಟುಗಳನ್ನೂ ಹೊಸ ಗೋಡೆಗೆ ತಕ್ಕಂತೆ ಹೊಂದಿಸಬೇಕು, ಇಲ್ಲದಿದ್ದರೆ ಪ್ಲೇಟ್ ಒಂದು ಮೂಲೆಯಲ್ಲಿ ಎದ್ದು ನಿಂತು ಬಟನ್ ಓರೆಯಾಗಿ ಉಜ್ಜುತ್ತದೆ. ಕಡ್ಡಿ ತುದಿಮುಟ್ಟ ತಿರುಗಿಸಿದರೂ ಸಾಲದಷ್ಟು ಗೋಡೆ ದಪ್ಪವಾಗಿದ್ದರೆ ಅದೇ ಕಂಪನಿಯ ಉದ್ದದ ಕಡ್ಡಿಗಳನ್ನು ಕೇಳಿ ತರಬೇಕು. ಪೆನ್ನಿನ ರೀಫಿಲ್ ಅಂಟಿಸಿ ಉದ್ದ ಮಾಡಿದ್ದನ್ನೂ ಕಂಡಿದ್ದೇನೆ. ಅದು ಹೆಚ್ಚು ದಿನ ಬಾಳಲಿಲ್ಲ.

ಗೋಡೆ ಬದಲಾಗದೆಯೂ ವರ್ಷಗಟ್ಟಲೆ ಸರಿಯಿದ್ದ ಬಟನ್ ಸಿಕ್ಕಿಕೊಳ್ಳತೊಡಗಿದರೆ ಅಳತೆ ಮುಟ್ಟುವ ಮೊದಲು ಸುಣ್ಣದ ಪದರ ಹುಡುಕಿ. ಬೋರ್‌ವೆಲ್‌ನ ಗಡಸು ನೀರಿರುವ ಮನೆಗಳಲ್ಲಿ ಬಟನ್‌ನ ಕೀಲು, ಸ್ಪ್ರಿಂಗು, ಲಿವರ್ ತಿರುಗುವ ಜಾಗ ಎಲ್ಲಕ್ಕೂ ಬಿಳಿ ಪುಡಿ ಕಟ್ಟುತ್ತದೆ. ಪ್ಲೇಟನ್ನು ನಿಂಬೆ ಉಪ್ಪು ಕದಡಿದ ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಬಾತ್‌ರೂಮ್ ಆಸಿಡ್ ಸುರಿದರೆ ಪ್ಲೇಟಿನ ಹೊಳಪು ಹೋಗುತ್ತದೆ. ಕೊಬ್ಬರಿ ಎಣ್ಣೆ, ಗ್ರೀಸ್ ಹಚ್ಚಿದರೆ ಧೂಳು ಹಿಡಿದು ಮತ್ತೆ ಬಿಗಿಯಾಗುತ್ತದೆ, ರಬ್ಬರಿಗೆ ತಗುಲಿದರೆ ಅದೂ ಉಬ್ಬಬಹುದು. ಹಚ್ಚಲೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಚೂರು ಸಾಕು.

ಲಿವರ್ ತನಕ ಕೈ ಹಾಕಬೇಕಾದರೆ ಕಡ್ಡಿಗಳನ್ನು ಕಳಚಿ, ನೀರು ಚಿಮ್ಮದಂತೆ ತಡೆಯುವ ಪ್ಲಾಸ್ಟಿಕ್ ಹಲಗೆಯನ್ನೂ ತೆಗೆಯಬೇಕು. ಕಳಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಎಡದ ಕಡ್ಡಿ ಬಲಕ್ಕೆ ಹೋದರೆ ಅಳತೆ ತಪ್ಪುತ್ತದೆ. ಒಳಗಿರುವ ಸ್ಟಾಪ್ ಕಾಕ್ ಮುಚ್ಚಿ, ಕಿಂಡಿಯ ತಳಕ್ಕೆ ಬಟ್ಟೆಯೊಂದನ್ನು ತುರುಕಿ. ಕೈಜಾರಿದ ಸ್ಕ್ರೂ ಟ್ಯಾಂಕಿನ ತಳಕ್ಕೆ ಬಿದ್ದರೆ ವಾಷರಿನ ಕೆಳಗೇ ಹೋಗಿ ಕೂರುವ ಸಾಧ್ಯತೆ ಇದೆ, ಆಮೇಲೆ ಇಲ್ಲದ ಸೋರಿಕೆ ಶುರುವಾಗುತ್ತದೆ. ಲಿವರಿನ ಕೊಕ್ಕೆ ವಾಲ್ವಿನ ತಲೆಯಿಂದ ಜಾರಿದ್ದರೆ ಮತ್ತೆ ಸಿಕ್ಕಿಸಿದರಾಯಿತು. ಮುರಿದಿದ್ದರೆ ಟ್ಯಾಂಕಿನ ಮೇಲಿನ ಅಥವಾ ಹಲಗೆಯ ಮೇಲಿನ ಚೀಟಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಅಂಗಡಿಗೆ ಹೋಗಿ. ಒಂದು ಕಂಪನಿಯ ಲಿವರ್ ಇನ್ನೊಂದಕ್ಕೆ ಕೂರುವುದಿಲ್ಲ. ಕಡ್ಡಿಯ ಬದಲು ಸಣ್ಣ ಗಾಳಿಯ ಕೊಳವೆಯಿಂದಲೋ ತಂತಿಯಿಂದಲೋ ನಡೆಯುವ ಮಾದರಿಗಳಿಗೆ ಇಲ್ಲಿ ಹೇಳಿದ ಅಳತೆ ಹೊಂದುವುದಿಲ್ಲ. ಪ್ಲೇಟ್ ತೆಗೆದಾಗ ಕಡ್ಡಿ ಕಾಣದಿದ್ದರೆ ಅಲ್ಲಿಗೇ ಕೈ ತಡೆದು ಕಂಪನಿಯ ಸರ್ವಿಸ್‌ನವರನ್ನು ಕರೆಯುವುದು ಒಳ್ಳೆಯದು.